ಪದೇ ಪದೇ ಲೇಟಾಗಿ ಬರೋರಿಗೆ ಬಾಯ್ಮಾತಿನ ವಾರ್ನಿಂಗ್, ಲಿಖಿತ ವಾರ್ನಿಂಗ್, ಫೈನಲ್ ವಾರ್ನಿಂಗ್, ಒಂದಕ್ಕಿಂತ ಒಂದು ಎಷ್ಟು ಖಾರವಾಗಿರ್ಬೇಕು?

ಖಾರ ಜಾಸ್ತಿ ಮಾಡ್ಕೊಂಡ್ ಹೋಗ್ಬೇಕು ಅನ್ನೋ ಲೆಕ್ಕಾನೇ ತಪ್ಪು ಕಣ್ರೀ. ನಾನೂ ಹಂಗೇ ಅನ್ಕೊಂಡಿದ್ದೆ, ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಸೂಪರ್‌ವೈಸರ್ ಆಗಿದ್ದಾಗ. ಎಂಟೂವರೆಗೆ ಶಿಫ್ಟು, ಆಲ್ದೂರು ಕಡೆಯಿಂದ ಬರ್ತಿದ್ದ ಹುಡ್ಗ ಒಬ್ಬ ವಾರಕ್ಕೆ ಎರಡು ದಿನ ಒಂಬತ್ತಕ್ಕೆ ಬರೋನು. ಒಂದಿನ ಗೇಟ್ ಹತ್ರ ಎಲ್ಲರ ಮುಂದೆ "ಇನ್ನೊಂದ್ ಸಲ ಲೇಟಾದ್ರೆ ಬರ್ಲೇಬೇಡ" ಅಂದ್ಬಿಟ್ಟೆ.

ಅದೇ ನಾನ್ ಮಾಡಿದ ತಪ್ಪು. ಕೊನೇಲಿ ಆಡ್ಬೇಕಾದ ಮಾತನ್ನ ಮೊದಲ್ನೇ ದಿನಾನೇ ಆಡಿ ಮುಗಿಸ್ದೆ. ಮೂರೇ ದಿನಕ್ಕೆ ಅವ್ನು ಮತ್ತೆ ಲೇಟು, ಕೆಲ್ಸದಿಂದ ತೆಗಿಯೋ ಅಧಿಕಾರ ನನಗಿಲ್ಲ, ಸುಮ್ನೆ ಒಳಗ್ ಬಿಟ್ಟೆ, ಅಲ್ಲಿದ್ದೋರೆಲ್ಲ ಅದನ್ನ ನೋಡಿದ್ರು. ಆಮೇಲೆ ಸಿಟ್ಟಲ್ಲಿ ಬರೆದ ಲೆಟರ್ರು: "ಪದೇ ಪದೇ ತಡವಾಗಿ ಬಂದು ತೀವ್ರ ಬೇಜವಾಬ್ದಾರಿ ತೋರುತ್ತಿದ್ದೀರಿ, ಇದು ಕೊನೆಯ ಎಚ್ಚರಿಕೆ." ಎರಡ್ ತಿಂಗ್ಳಾದ್ಮೇಲೆ ನಿಜವಾದ ಫೈನಲ್ ಕೊಡೋವಾಗ ಮತ್ತೆ ಅದೇ ಮಾತು, ಬೇರೆ ಮಾತು ಉಳಿದೇ ಇರ್ಲಿಲ್ಲ. ಮ್ಯಾನೇಜರ್ ಎರಡೂ ಕಾಗದ ಟೇಬಲ್ ಮೇಲೆ ಪಕ್ಕ ಪಕ್ಕ ಇಟ್ಟು "ಇದ್ರಲ್ಲಿ ಕೊನೇದು ಯಾವ್ದ್ರೀ?" ಅಂದ್ರು. ಹುಡ್ಗ "ಯಾವ್ಯಾವ್ ದಿನ ಲೇಟು ಸಾರ್?" ಅಂದ. ಎರಡ್ರಲ್ಲೂ ಒಂದು ತಾರೀಕಿಲ್ಲ. ಎಲ್ಲಾ ಬಿಟ್ಟು ಬಾಯ್ಮಾತಿಂದ ಮತ್ತೆ ಶುರು ಮಾಡ್ಬೇಕಾಯ್ತು.

ಎರಡನೇ ಸಲ ಒಬ್ಬನ್ನೇ ಕೂರಿಸ್ಕೊಂಡು "ನೋಡಪ್ಪ, ಈ ತಿಂಗ್ಳು ನಾಲ್ಕು ದಿನ ಲೇಟಾಗಿದೆ, ಏನ್ ತೊಂದ್ರೆ?" ಅಂತ ಕೇಳ್ದೆ. ಬಸ್ ತುಂಬಿದ್ರೆ ನಮ್ ಸ್ಟಾಪಲ್ಲಿ ನಿಲ್ಸಲ್ಲ ಅಂದ, ಅದಕ್ಕಿಂತ ಮುಂಚಿನ ಬಸ್ಸಿಗೆ ಬಾ ಅಂದೆ. ಕೆಲ್ಸ ಹೋಗತ್ತೆ ಅನ್ನೋ ಮಾತೇ ಎತ್ಲಿಲ್ಲ. ಮಾತಾಡಿದ ತಾರೀಕು ಮಾತ್ರ ಡೈರೀಲಿ ಬರ್ಕೊಂಡೆ.

ಸ್ವಲ್ಪ ದಿನ ಸರಿ ಇದ್ದ, ಮತ್ತೆ ಶುರುವಾಯ್ತು. ಆಗ ಲಿಖಿತ: "3ನೇ ತಾರೀಕು 8:52, 9ರಂದು 9:05, 14ರಂದು 8:47ಕ್ಕೆ ಪಂಚ್ ಆಗಿದೆ. ಈ ಬಗ್ಗೆ ಹಿಂದೆ ಮಾತನಾಡಲಾಗಿತ್ತು. ಇನ್ನು ಮುಂದೆ 8:30ಕ್ಕೆ ಹಾಜರಿರಬೇಕು. ಕಾರಣವಿದ್ದರೆ ಮೂರು ದಿನದೊಳಗೆ ಬರೆದು ಕೊಡಿ." ಸೋಮಾರಿ, ಬೇಜವಾಬ್ದಾರಿ ಅಂತೆಲ್ಲ ಬರೀಬೇಡಿ. ಅಂಥ ಮಾತಿಗೆ ಜನ ವಾದ ಮಾಡ್ತಾರೆ, 8:52ಕ್ಕೆ ವಾದ ಇಲ್ಲ.

ಫೈನಲ್ಲು ಇದಕ್ಕಿಂತ ತಣ್ಣಗಿರ್ಬೇಕು. ಹಿಂದಿನ ಎರಡು ವಾರ್ನಿಂಗಿನ ತಾರೀಕು, ಆಮೇಲೆ ಲೇಟಾದ ದಿನಗಳು, ಹೊಸದಾಗಿ ಇಷ್ಟೇ: "ಇದು ಕೊನೆಯ ಎಚ್ಚರಿಕೆ. ಮತ್ತೆ ತಡವಾದರೆ ವಿಚಾರಣೆ ನಡೆಸಿ ಶಿಸ್ತುಕ್ರಮ ಕೈಗೊಳ್ಳಲಾಗುವುದು, ಅದು ಕೆಲಸದಿಂದ ವಜಾ ಕೂಡ ಆಗಬಹುದು." ಆ "ಆಗಬಹುದು" ತುಂಬಾ ಮುಖ್ಯ. ಸ್ಟ್ಯಾಂಡಿಂಗ್ ಆರ್ಡರ್ಸ್, ಅಂದ್ರೆ ಕೆಲ್ಸದ ಜಾಗದ ಲಿಖಿತ ನಿಯಮಗಳು, ಇರೋ ಕಡೆ ಲೇಟ್ ಬರೋದೇ ಅಭ್ಯಾಸ ಆದ್ರೆ ಅದು ದುರ್ನಡತೆ ಅಂತ ಇರತ್ತೆ ನಿಜ, ಆದ್ರೂ ಚಾರ್ಜ್‌ಶೀಟು, ವಿಚಾರಣೆ ಆಗ್ದೆ ತೆಗಿಯಕ್ಕಾಗಲ್ಲ, "ವಜಾ ಮಾಡಲಾಗುವುದು" ಅಂತ ಬರೆದ್ರೆ ವಿಚಾರಣೆಗೆ ಮುಂಚೇನೆ ತೀರ್ಮಾನ ಆಗೋಗಿದೆ ಅಂತ ಅವರ ಕಡೆ ವಕೀಲರು ಹಿಡ್ಕೊಳ್ತಾರೆ.

ಲೆಟರ್ ಕನ್ನಡದಲ್ಲೇ ಕೊಡಿ, ನಕಲಿನ ಮೇಲೆ ಸಹಿ ಹಾಕಿಸ್ಕೊಳ್ಳಿ. ನಮ್ ಹುಡ್ಗ ಎರಡ್ ಸಲ ಓದಿ, ಕೊನೇ ತಾರೀಕಿನ ಟೈಮ್ ಮೇಲೆ ಬೆರಳಿಟ್ಟು "ಹೌದು ಸಾರ್" ಅಂದು ಸಹಿ ಹಾಕ್ದ.