ಆರು ಗುಳಿಗಿ ನೋಡಿ ಹೆದರಿದ ನೇಕಾರರು: ಪೈಲ್ಸಿಗೆ ಡಯೋಸ್ಮಿನ್ ಎಷ್ಟು ಕೆಲಸ ಮಾಡ್ತದ

ಬಾಗಲಕೋಟಿ ಕಡೆ ಒಬ್ರು ನೇಕಾರರು, ವಯಸ್ಸು ನಲವತ್ತರ ಆಜುಬಾಜು (ಗುರುತು ಸಿಗಬಾರ್ದಂತ ಕೆಲವು ವಿವರ ಬದಲಿಸೀನಿ). ದಿನಾ ಮಗ್ಗದ ಮುಂದ ಕುಂತು ಕೆಲಸ, ನೀರು ಕುಡಿಯೋದು ಕಮ್ಮಿ, ಸಂಡಾಸ ಗಟ್ಟಿ. ರಕ್ತ ಬೀಳಾಕ ಹತ್ತಿತ್ತು, ಗಂಟು ಹೊರಗ ಬಂದ್ರ ಬೆರಳಿಂದ ಒಳಗ ದೂಡಬೇಕಿತ್ತು. ಸರ್ಜನ್ ನೋಡಿ ಮೂರನೇ ಗ್ರೇಡ್ ಪೈಲ್ಸ್ ಅಂದು ಡಯೋಸ್ಮಿನ್-ಹೆಸ್ಪೆರಿಡಿನ್ 500 ಮಿ.ಗ್ರಾಂ ಗುಳಿಗಿ ಬರದ್ರು: ಮೊದಲ 4 ದಿನ ದಿನಕ್ಕ 6, ಆಮ್ಯಾಲ 3 ದಿನ ದಿನಕ್ಕ 4.

"ಅಕ್ಕಾರ, ಆರು ಗುಳಿಗಿ ಅಂದ್ರ ಹೆದರಿಕಿ ಬಂತ್ರಿ, ದಿನಕ್ಕ ಒಂದು ತಗೊಂಡೆ, ಗಂಟು ಹಂಗ ಐತಿ, ಬರೇ ರೊಕ್ಕ ಹಾಳು" ಅಂದ್ರು.

ನಾ ಹೇಳಿದೆ, ಅಣ್ಣಾರ, ರಕ್ತ, ಬಾವು ಜೋರಿದ್ದಾಗ ಮೊದಲ ವಾರ ಡೋಸ್ ಹೆಚ್ಚಿಡೋದು ಪದ್ಧತಿನ, ಪ್ರಯೋಗಗಳೊಳಗೂ ಹಂಗ ಕೊಟ್ಟಾರ. ಒಂದರ ಮ್ಯಾಲ ನಿಂತು "ಗುಳಿಗಿ ನಾಟಲಿಲ್ಲ" ಅನ್ನಾಕ ಬರೂದಿಲ್ಲ. ಕೆಲವರಿಗೆ ಹೊಟ್ಟಿ ಕೆಡ್ತದ, ವಾಕರಿಕಿ ಬರ್ತದ, ಊಟ ಆದಮ್ಯಾಲ ತಗೊಂಡ್ರ ಚಲೋ.

ಆದ್ರ ಎರಡನೇ ಮಾತು ಅದಕ್ಕಿಂತ ದೊಡ್ಡದು. ಇಂಥಾ ಗುಳಿಗಿಗಳ ಬಗ್ಗೆ 2012ರಾಗ ಕೊಕ್ರೇನ್ ಅನ್ನೋ, ಚಿಕಿತ್ಸೆಗಳ ಪುರಾವೆ ಪರಿಶೀಲಿಸೋ ಸಂಸ್ಥೆಯವರು 24 ಪ್ರಯೋಗ ಒಟ್ಟುಮಾಡಿ ನೋಡ್ಯಾರ, ರಕ್ತ, ತುರಿಕಿ, ಒದ್ದಿ ಕಮ್ಮಿ ಆಗ್ತಾವ ಅಂತ ಕಾಣ್ತದ, ನೋವಿನ ವಿಷಯದಾಗ ಮಾತ್ರ ಪಕ್ಕಾ ಹೇಳಾಕ ಬರಲಿಲ್ಲ. ಬಾಳ ಪ್ರಯೋಗ ಸಣ್ಣವು, ಗುಣಮಟ್ಟನೂ ಅಷ್ಟಕ್ಕಷ್ಟ, ಅದಕ್ಕ ನಾ ಆ ಫಲಿತಾಂಶಾನ ಸ್ವಲ್ಪ ತಗ್ಗಿಸೇ ಹಿಡಿತೀನಿ. ಗುಳಿಗಿ ರಕ್ತನಾಳದ ಬಿಗುವು ಹೆಚ್ಚು ಮಾಡಿ ಬಾವು ಇಳಿಸ್ತದ ಅಷ್ಟ, ಜೋತು ಬಿದ್ದ ಗಂಟನ್ನ ವಾಪಸ್ ಮ್ಯಾಲ ಎಳದು ಕಟ್ಟೂದಿಲ್ಲ. ಅಂದ್ರ ಇವರು ಪೂರಾ ಡೋಸ್ ತಗೊಂಡಿದ್ರೂ ದೂಡೋ ಗಂಟು ಹೋಗ್ತಿರಲಿಲ್ಲ, ಅದಕ್ಕ ರಬ್ಬರ್ ಬ್ಯಾಂಡ್ ಹಾಕೋದು ಇಲ್ಲಾ ಆಪರೇಷನ್ ಅಂತ ಸರ್ಜನ್ನರ ಹತ್ರ ಮಾತಾಡಬೇಕು.

ನಾರಿನ ಮಾತು ಬಿಡಬಾರ್ದು. ಪ್ರಯೋಗಗಳೊಳಗ ನಾರು ತಗೊಂಡವರಿಗೆ ರಕ್ತ ಬೀಳೋ ತ್ರಾಸು ಸುಮಾರು ಅರ್ಧಕ್ಕ ಇಳದದ. ಇವರಿಗೆ ರಾತ್ರಿ ಇಸಬಗೋಲ್, ಜೊತಿಗೆ ದೊಡ್ಡ ಲೋಟ ನೀರು (ನೀರಿಲ್ಲದ ತಗೊಂಡ್ರ ಮತ್ತ ಗಟ್ಟಿ ಆಗ್ತದ), ಜ್ವಾಳದ ರೊಟ್ಟಿ ಜೋಡಿ ಕಾಳುಪಲ್ಯ, ಸೊಪ್ಪು, ಸಂಡಾಸದಾಗ ಮೊಬೈಲ್ ಹಿಡಕೊಂಡು ಕೂಡೂದು ಬಂದ್. ನಾರಿನ ಫಲ ಕಾಣಾಕ ವಾರಗಟ್ಲೆ ಬೇಕ್ರಿ, ನಾಕ ದಿನಕ್ಕ ಬಿಡಬ್ಯಾಡ್ರಿ ಅಂದೆ.

ರಕ್ತ ಸಂಡಾಸದಾಗ ಕಲಸಿ ಬಂದ್ರ, ಕರ್ರಗ ಬಂದ್ರ, ತೂಕ ಇಳದ್ರ, ಸಂಡಾಸದ ರೂಢಿ ಬದಲಾದ್ರ, ಮನ್ಯಾಗ ಯಾರಿಗರೆ ಕರುಳಿನ ಕ್ಯಾನ್ಸರ್ ಆಗಿದ್ರ, ಪೈಲ್ಸ್ ಅಂತ ಗುಳಿಗಿ ನುಂಗಕೋತ ಕೂಡಬಾರ್ದು, ಕರುಳು ನೋಡಿಸ್ಬೇಕು ಅಂತನೂ ಹೇಳಿದೆ. ಇವರಿಗೆ ಅಂಥಾದ್ದೇನೂ ಇರಲಿಲ್ಲ, ಆದ್ರ ಮಾರಿ ಬಿಳಚಿಕೊಂಡಿತ್ತು, ಹಿಮೋಗ್ಲೋಬಿನ್ ಮಾಡಸ್ರಿ ಅಂದೆ.

ಸರ್ಜನ್ನರನ್ನ ಕೇಳಿಕೊಂಡು ಪೂರಾ ಡೋಸ್ ತಗೊಂಡ್ರು, ರಕ್ತ ನಿಂತದ, ಗಂಟು ಹಂಗ ಐತಿ, ಈಗ ಬ್ಯಾಂಡ್ ಹಾಕಿಸಾಕ ತಾರೀಖು ತಗೊಂಡಾರ.