ಪಟ್ಟಿ ಮಡಚಿಡಿ, ಗ್ರಾಫ್ ಹಾಳೆ ತನ್ನಿ

ಸಂಪಾದಕರೇ, ನಮ್ಮ ನೋಟ್ಸಿನಲ್ಲಿ ಎರಡು ಕಾಲಂ ಇದೆ. ಡೈರೆಕ್ಟ್ ಬ್ಯಾಂಡ್‌ಗ್ಯಾಪ್: ಗ್ಯಾಲಿಯಂ ಆರ್ಸೆನೈಡ್. ಇನ್‌ಡೈರೆಕ್ಟ್: ಸಿಲಿಕಾನ್. ಅಷ್ಟು ನೆನಪಿಟ್ಟುಕೊಂಡರೆ ಸಾಕು ಅಂತಾರೆ. ಆದರೆ ಅದರ ಕೆಳಗೇ ಎಲೆಕ್ಟ್ರಾನಿನ ಎಫೆಕ್ಟಿವ್ ಮಾಸ್ 0.067 ಅಂತ ಇದೆ. ಉಳಿದ ಮಾಸ್ ಎಲ್ಲಿ ಹೋಯಿತು? ಹೋಲ್ ಅಂದರೆ ಖಾಲಿ ಜಾಗ, ಅದಕ್ಕೂ ಮಾಸ್ ಹೇಗೆ ಬರುತ್ತೆ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬಸವನಗುಡಿ

ಪಟ್ಟಿ ಬೇಕಮ್ಮ, ಒಪ್ಪಿದೆ. ಪರೀಕ್ಷೆಯ ಹಿಂದಿನ ರಾತ್ರಿ ಪಟ್ಟಿಯೇ ದೇವರು. ಅದಕ್ಕೆ ಅಲ್ಲಿಗೇ ಕೈ ಮುಗಿದು ಬಿಡುತ್ತೇನೆ.

ನಿಮ್ಮ ಕಾಗದ ಓದಿದ ಮೇಲೆ ನಾನು ಸ್ಟೇಷನರಿ ಅಂಗಡಿಗೆ ಹೋಗಿ ಗ್ರಾಫ್ ಹಾಳೆ ತಂದೆ. ಅಂಗಡಿಯವರು "ಮೊಮ್ಮಗಳಿಗಾ ಸಾರ್?" ಅಂದರು. "ನನಗೇ" ಅಂದೆ. ನೀವೂ ಒಂದು ತನ್ನಿ. ಅಡ್ಡಕ್ಕೆ k, ನೆಟ್ಟಗೆ ಶಕ್ತಿ E. ಮೊದಲ ಎಡವಟ್ಟು ಇಲ್ಲೇ ಆಗುವುದು. ಅಡ್ಡಗೆರೆ ಜಾಗವಲ್ಲ. ಎಲೆಕ್ಟ್ರಾನ್ ಹರಳಿನೊಳಗೆ ಎಡದಿಂದ ಬಲಕ್ಕೆ ಓಡುತ್ತಿದೆ ಅಂತ ಈ ಚಿತ್ರವನ್ನು ಓದಬಾರದು. ಅಡ್ಡಗೆರೆ ಹೇಳುವುದು ಅದರ ಸಂವೇಗವನ್ನು.

ಕೆಳಗೆ ವೇಲೆನ್ಸ್ ಬ್ಯಾಂಡ್, ಒಂದು ಗುಡ್ಡದ ಹಾಗೆ. ಮೇಲೆ ಕಂಡಕ್ಷನ್ ಬ್ಯಾಂಡ್, ಅದರಲ್ಲೊಂದು ಹಳ್ಳ. ಗುಡ್ಡದ ನೆತ್ತಿಯ ನೇರಕ್ಕೇ ಹಳ್ಳ ಇದೆಯಾ, ಇಲ್ಲಾ ಪಕ್ಕಕ್ಕೆ ಸರಿದಿದೆಯಾ? ಡೈರೆಕ್ಟ್, ಇನ್‌ಡೈರೆಕ್ಟ್ ಅಂದರೆ ಇಷ್ಟೇ. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಎರಡೂ k = 0 ಯಲ್ಲಿವೆ, ನಡುವಿನ ಅಂತರ 1.42 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್‌ನಲ್ಲಿ ನೆತ್ತಿ ನಡುವಿನಲ್ಲೇ ಇದೆ, ಹಳ್ಳ ಮಾತ್ರ ಬ್ರಿಲುವಾ ವಲಯದ, ಅಂದರೆ ಹರಳಿನಲ್ಲಿ ಲೆಕ್ಕಕ್ಕೆ ಬರುವ k ಗಳ ವ್ಯಾಪ್ತಿಯ, ಅಂಚಿನ ಕಡೆ ಸುಮಾರು ನೂರಕ್ಕೆ 85 ಭಾಗ ದೂರ ಹೋಗಿ ಕೂತಿದೆ. ನೆತ್ತಿಗೂ ಆ ಹಳ್ಳಕ್ಕೂ ಅಂತರ 1.12. ನೆತ್ತಿಯಿಂದ ನೆಟ್ಟಗೆ ಮೇಲಕ್ಕೆ ಅಳೆದರೆ ಮಾತ್ರ 3.4ರ ಹತ್ತಿರ!

ಎಲೆಕ್ಟ್ರಾನ್ ಹಳ್ಳದಿಂದ ನೆತ್ತಿಗೆ ಇಳಿದಾಗ ಆ ಶಕ್ತಿ ಬೆಳಕಾಗಿ ಹೊರಬರಬೇಕು. ಹಳ್ಳ ಪಕ್ಕಕ್ಕಿದ್ದರೆ ಬೆಳಕಿಗೇನು ಕಷ್ಟ? ಇದನ್ನು ಅಳೆದೇ ನೋಡಬೇಕು. ನಡುವಿನಿಂದ ಅಂಚಿಗೆ 20 ಸೆಂಟಿಮೀಟರ್ ಇಟ್ಟುಕೊಳ್ಳಿ. ಸಿಲಿಕಾನ್‌ನ ಹಳ್ಳ 17 ಸೆಂಟಿಮೀಟರ್‌ಗೆ ಬರುತ್ತದೆ. ಈಗ ಬೆಳಕು. 1.42 ಎಲೆಕ್ಟ್ರಾನ್ ವೋಲ್ಟ್ ಅಂದರೆ ಸುಮಾರು 870 ನ್ಯಾನೋಮೀಟರ್ ತರಂಗಾಂತರ. ಅದರ k ನ್ಯಾನೋಮೀಟರಿಗೆ 0.007. ಆ ವಲಯದ ಅಂಚಿನ k ಸುಮಾರು 11. ನಿಮ್ಮ ಹಾಳೆಯ ಮೇಲೆ ಬೆಳಕಿನ ಪಾಲು 0.13 ಮಿಲಿಮೀಟರ್, ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ! ಬೆಳಕು ಎಲೆಕ್ಟ್ರಾನನ್ನು ನೆಟ್ಟಗೆ ಇಳಿಸಬಲ್ಲದು, ಹತ್ತಿಸಬಲ್ಲದು. 17 ಸೆಂಟಿಮೀಟರ್ ಪಕ್ಕಕ್ಕೆ ತಳ್ಳುವಷ್ಟು ಸಂವೇಗ ಅದರ ಹತ್ತಿರ ಇಲ್ಲ.

ಆ ತಳ್ಳುವ ಕೆಲಸ ಫೋನಾನಿನದು, ಅಂದರೆ ಹರಳಿನ ಕಂಪನದ್ದು. ಅದರ ಹತ್ತಿರ ಸಂವೇಗ ಧಾರಾಳ, ಶಕ್ತಿ ಮಾತ್ರ ಚಿಲ್ಲರೆ. ಎಲೆಕ್ಟ್ರಾನ್, ಹೋಲ್, ಫೋನಾನ್ ಮೂರೂ ಒಟ್ಟಿಗೆ ಕೂಡಿ ಬರುವುದು ಅಪರೂಪ. ಕಾಯುತ್ತಾ ಕೂತಷ್ಟು ಹೊತ್ತಿನಲ್ಲಿ ಹರಳಿನ ಯಾವುದೋ ದೋಷ ಎಲೆಕ್ಟ್ರಾನನ್ನು ನುಂಗಿರುತ್ತದೆ, ಶಕ್ತಿ ಬಿಸಿಯಾಗಿ ಹೋಗಿರುತ್ತದೆ.

ಮನೆಯಲ್ಲೇ ನೋಡಬಹುದು. ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಬಟನ್ ಒತ್ತಿ. ಕೆಲವು ಫೋನಿನಲ್ಲಿ ಸೆಲ್ಫಿ ಕ್ಯಾಮೆರಾದಲ್ಲೇ ಕಾಣುವುದು. ನೇರಳೆ ಬಿಳುಪಿನ ಚುಕ್ಕೆ ಮಿನುಗುತ್ತದೆ, ಅದು ಗ್ಯಾಲಿಯಂ ಆರ್ಸೆನೈಡ್ ಕುಟುಂಬದ ದೀಪ. ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ 1N4007 ಸಿಲಿಕಾನ್ ಡಯೋಡಿನಲ್ಲಿ ಅದಕ್ಕಿಂತ ಜಾಸ್ತಿ ಕರೆಂಟ್ ಹರಿಸಿ. ಕೈಗೆ ಬಿಸಿ ತಾಗುತ್ತದೆ, ಕಣ್ಣಿಗೆ ಏನೂ ಇಲ್ಲ.

ನಿಮ್ಮ ಪಟ್ಟಿ ಕಾಲು ಜಾರುವ ಜಾಗವನ್ನೂ ತೋರಿಸಿಬಿಡುತ್ತೇನೆ, ನನಗೆ ಇದು ತುಂಬಾ ಖುಷಿಯ ವಿಷಯ. ಗ್ಯಾಲಿಯಂ ಫಾಸ್ಫೈಡ್ ಇನ್‌ಡೈರೆಕ್ಟ್. ಪಟ್ಟಿಯ ಪ್ರಕಾರ ಅದು ಬೆಳಗಬಾರದು. ಆದರೆ ಹಳೇ ಕಾಲದ ಹಸಿರು ಇಂಡಿಕೇಟರ್ ದೀಪಗಳು ಅದರಿಂದಲೇ ಆಗಿದ್ದವು, ಒಳಗೆ ಚೂರು ನೈಟ್ರೋಜನ್ ಬೆರೆಸಿ. ನೈಟ್ರೋಜನ್ ಎಲೆಕ್ಟ್ರಾನನ್ನು ಒಂದೇ ಕಡೆ ಬಿಗಿಯಾಗಿ ಹಿಡಿಯುತ್ತದೆ. ಜಾಗ ಕಿರಿದಾದಷ್ಟೂ k ಅಗಲಕ್ಕೆ ಹರಡುತ್ತದೆ, ಆ ಹರಡಿನ ಒಂದು ಪಾಲು ನಡುವಿನವರೆಗೂ ಬಂದು ತಲುಪುತ್ತದೆ. ಗೆರೆ ಎಳೆದವರಿಗೆ ಇದು ಹೊಳೆಯುತ್ತೆ. ಪಟ್ಟಿ ಓದಿದವರು "ಎಕ್ಸೆಪ್ಷನ್" ಅಂತ ಇನ್ನೊಂದು ಸಾಲು ಉರು ಹೊಡೆಯುತ್ತಾರೆ.

ಈಗ ನಿಮ್ಮ 0.067. ಹಳ್ಳ ಎಲ್ಲಿದೆ ಅನ್ನುವುದು ಆಯಿತು, ಹೇಗೆ ಬಾಗಿದೆ ಅಂತ ನೋಡೋಣ. ತಳದ ಹತ್ತಿರ E = ħ²k²/2m*. ಇಲ್ಲಿ m* ಅಂದರೆ ಎಫೆಕ್ಟಿವ್ ಮಾಸ್, ಅದು ಖಾಲಿ ಜಾಗದ ಎಲೆಕ್ಟ್ರಾನಿನ ಮಾಸಿನ ಎಷ್ಟು ಪಾಲು ಅನ್ನುವುದೇ ನಿಮ್ಮ 0.067. ಖಾಲಿ ಜಾಗದಲ್ಲಿ ಓಡುವ ಎಲೆಕ್ಟ್ರಾನಿಗೆ k ನ್ಯಾನೋಮೀಟರಿಗೆ 0.3 ಇದ್ದಾಗ ಶಕ್ತಿ 3.4 ಮಿಲಿ ಎಲೆಕ್ಟ್ರಾನ್ ವೋಲ್ಟ್. ಗ್ಯಾಲಿಯಂ ಆರ್ಸೆನೈಡ್‌ನ ಗೆರೆಯಲ್ಲಿ ಅದೇ k ಗೆ ತಳದಿಂದ ಸುಮಾರು 51 ಮೇಲಿರುತ್ತೀರಿ. 3.4 ನ್ನು 51 ರಿಂದ ಭಾಗಿಸಿ, 0.067 ಬಂತಲ್ವಾ? ಗೆರೆ ಬಿರುಸಾಗಿ ಬಾಗಿದಷ್ಟೂ ಎಲೆಕ್ಟ್ರಾನ್ ಹಗುರ. ಬಾಗು ಅಂದೆ, ಇಳಿಜಾರು ಅನ್ನಲಿಲ್ಲ. ಇಳಿಜಾರು ಹೇಳುವುದು ವೇಗವನ್ನು. ವರ್ಷಗಳ ಹಿಂದೆ ಒಂದು ವೈವಾದಲ್ಲಿ ನಾನೇ ಎರಡನ್ನೂ ಕಲಸಿ ಹೇಳಿದ್ದೆ. ಪರೀಕ್ಷಕರು ತಲೆಯಾಡಿಸಿ ಮಾರ್ಕ್ಸ್ ಕೊಟ್ಟರು! ಅವರ ಕೈಯಲ್ಲೂ ಪಟ್ಟಿಯೇ ಇತ್ತು ಅಂತ ಆಮೇಲೆ ಗೊತ್ತಾಯಿತು.

ಉಳಿದ ಮಾಸ್ ಎಲ್ಲೂ ಹೋಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮೆಜೆಸ್ಟಿಕ್ ಮೆಟ್ರೊದಲ್ಲಿ ನಿಂತಿದ್ದೀರಾ? ಬಾಗಿಲು ತೆರೆದಾಗ ಯಾರೋ ಒಂದು ಬೆರಳು ತಾಗಿಸಿದರೂ ನಾನು ಒಳಗೆ ಹಾರಿ ಬೀಳುತ್ತೇನೆ. ತಳ್ಳಿದ್ದು ಹಿಂದಿನ ಜನ. ಆದರೆ ಜನರನ್ನು ಲೆಕ್ಕಕ್ಕೆ ಹಿಡಿಯದೆ ಬೆರಳಿನ ಬಲವನ್ನಷ್ಟೇ ನೋಡಿದವರಿಗೆ, ಎಪ್ಪತ್ತು ಕೆ.ಜಿ. ಇರುವ ನಾನು ಐದು ಕೆ.ಜಿ. ಅನ್ನಿಸಿಯೇನು. ಹರಳಿನ ಅಯಾನುಗಳ ಎಳೆದಾಟವನ್ನೆಲ್ಲ m* ಒಳಗೆ ಮಡಚಿಟ್ಟಿದ್ದೇವೆ, ನಾವು ಹಾಕಿದ ವೋಲ್ಟೇಜಿನ ಬಲ ಮಾತ್ರ ಹೊರಗಿದೆ. ಹಾಗಂತ ಇದು ಸುಮ್ನೆ ಕಾಗದದ ಲೆಕ್ಕವೂ ಅಲ್ಲ. 1955ರಲ್ಲೇ ಡ್ರೆಸೆಲ್‌ಹಾಸ್, ಕಿಪ್, ಕಿಟೆಲ್ ಎಂಬ ಭೌತವಿಜ್ಞಾನಿಗಳು ಸಿಲಿಕಾನ್, ಜರ್ಮೇನಿಯಂ ಹರಳುಗಳನ್ನು ಕಾಂತಕ್ಷೇತ್ರದಲ್ಲಿಟ್ಟು, ಎಲೆಕ್ಟ್ರಾನ್ ಸುತ್ತುವ ಆವರ್ತನದಿಂದ ಅದನ್ನು ಅಳೆದು ವಿವರವಾಗಿ ಬರೆದಿದ್ದಾರೆ. ಸಿಲಿಕಾನ್‌ನ ಹಳ್ಳ ಉದ್ದುದ್ದ, ಸೌತೆಕಾಯಿಯ ಹಾಗೆ. ಉದ್ದಕ್ಕೆ ತಳ್ಳಿದರೆ 0.98, ಅಡ್ಡಕ್ಕೆ ತಳ್ಳಿದರೆ 0.19. ಒಂದೇ ಎಲೆಕ್ಟ್ರಾನ್, ಎರಡು ಮಾಸ್. ತಳದಿಂದ ಮೇಲಕ್ಕೆ ಹೋದ ಹಾಗೆ ಗೆರೆ ಪ್ಯಾರಾಬೋಲಾ ಬಿಟ್ಟು ಸರಿಯುತ್ತದೆ, ಆಗ ಈ ಒಂದು ಅಂಕಿಯನ್ನು ನಂಬುವ ಹಾಗಿಲ್ಲ.

ಹೋಲಿನ ವಿಷಯಕ್ಕೆ ಗೋಲಿ ಸೋಡಾ ಸಾಕು. ಗುಳ್ಳೆ ಅಂದರೆ ನೀರಿಲ್ಲದ ಜಾಗ. ಆದರೂ "ಗುಳ್ಳೆ ಮೇಲೆ ಬಂತು" ಅನ್ನುತ್ತೇವೆ, "ಇಷ್ಟು ನೀರು ಕೆಳಗೆ ಸರಿಯಿತು" ಅನ್ನುವುದಿಲ್ಲ. ವೇಲೆನ್ಸ್ ಗುಡ್ಡದ ನೆತ್ತಿಯಲ್ಲಿ ಗೆರೆ ಕೆಳಮುಖವಾಗಿ ಬಾಗಿದೆ, ಹಾಗಾಗಿ ಅಲ್ಲಿನ ಎಲೆಕ್ಟ್ರಾನಿನ ಮಾಸ್ ಋಣ. ತುಂಬಿದ ಬ್ಯಾಂಡಿನಲ್ಲಿ ಅಂಥ ಒಂದು ಎಲೆಕ್ಟ್ರಾನ್ ಕಾಣೆಯಾದರೆ, ಉಳಿದವರೆಲ್ಲ ಸೇರಿ ನಡೆದುಕೊಳ್ಳುವ ರೀತಿ ಧನ ಚಾರ್ಜ್, ಧನ ಮಾಸ್ ಇರುವ ಒಂದೇ ಕಣದ ಹಾಗಿರುತ್ತದೆ. ಅದೇ ಹೋಲ್. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಒಂದೇ ನೆತ್ತಿಯಿಂದ ಎರಡು ಗೆರೆ ಇಳಿಯುತ್ತವೆ. ಮೊದಲಿನ 0.3ಕ್ಕೆ ಒಂದು ಸುಮಾರು 7 ಮಿಲಿ ಎಲೆಕ್ಟ್ರಾನ್ ವೋಲ್ಟ್ ಇಳಿದಿರುತ್ತದೆ, ಇನ್ನೊಂದು 43ರ ಹತ್ತಿರ. ಯಾವುದು ಹೆವಿ ಹೋಲ್, ಯಾವುದು ಲೈಟ್ ಹೋಲ್ ಅಂತ ನೀವೇ ಭಾಗಾಕಾರ ಮಾಡಿ ನೋಡಿ.

ಈಗ ಮಾರುವ ಗೈಡುಗಳಲ್ಲಿ ಈ ಚಿತ್ರ ಬೆರಳುಗುರಿನಷ್ಟು ಇರುತ್ತದೆ. ಅಡ್ಡಗೆರೆಗೆ ಹೆಸರೇ ಇರುವುದಿಲ್ಲ, ಸಿಲಿಕಾನ್‌ನ ಹಳ್ಳ ನಡುವಿನಿಂದ ಒಂದು ಎಳ್ಳಿನಷ್ಟು ಆಚೆ. ಇದನ್ನು ನೋಡಿದ ಮಕ್ಕಳಿಗೆ ಬೆಳಕು ಅಷ್ಟನ್ನೂ ಯಾಕೆ ದಾಟಿಸಲಾರದು ಅನ್ನಿಸಿದರೆ ತಪ್ಪು ಅವರದಲ್ಲ. ನಿಮ್ಮ ಹಾಳೆಯಲ್ಲಿ ಅದು 17 ಸೆಂಟಿಮೀಟರ್‌ನಲ್ಲಿರಲಿ. ಎರಡು ಹೋಲುಗಳ ಲೆಕ್ಕವನ್ನು ಅದರ ಪಕ್ಕದಲ್ಲೇ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಗೇ ಅಚ್ಚು ಹಾಕುತ್ತೇವೆ.