ಸ್ಕ್ರೀನ್‌ಶಾಟ್ ಬಿಡಿ, ಕಾರ್ಡ್ ಮಾಡಿ ತೋರಿಸಿ ಕೇಳಿ

ಪ್ರಶ್ನೆ: "ನಾವು ಬ್ಯಾಡಗಿ ಮೆಣಸಿನಕಾಯಿ ಖಾರದ ಪುಡಿ ಮಾಡಿ ಕೊರಿಯರ್ ಮಾಡ್ತೀವಿ. ಗ್ರಾಹಕರು 'ಚಲೋ ಅದ' ಅಂತ ಮೆಸೇಜ್ ಹಾಕಿದ್ರ ಸ್ಕ್ರೀನ್‌ಶಾಟ್ ತೆಗೆದು, ನಂಬರ್ ಮೇಲೆ ಗೀಚಿ ಫೇಸ್‌ಬುಕ್, ಇನ್‌ಸ್ಟಾಕ್ಕ ಹಾಕ್ತೀನಿ. ಈಗ ಒಬ್ಬರು ತೆಗೀರಿ ಅಂತ ಸಿಟ್ಟಾಗ್ಯಾರ. ಅವರೇ ಬರದದ್ದು ಅಲ್ವಾ? ಇನ್ನು ಮುಂದ ಹೆಂಗ ಕೇಳಬೇಕು?"

ಅಕ್ಕಾರ, ಮೊದಲು ಅದನ್ನು ಇವತ್ತೇ ತೆಗೆಯಿರಿ. ಯಾಕೆ ಅಂತ ಕೇಳಬೇಡಿ, ಸಮಜಾಯಿಷಿ ಬೇಡ. "ತೆಗೆದಿದ್ದೇನೆ, ಕೇಳದೆ ಹಾಕಿದ್ದು ತಪ್ಪಾಯಿತು" ಅಂದರೆ ಸಾಕು. ತೆಗೆಯುವಾಗ ಎಲ್ಲ ಕಡೆ ನೋಡಿ. ಪೋಸ್ಟ್ ಅಳಿಸಿ ಕೈ ತೊಳೆದುಕೊಳ್ಳುವವರೇ ಜಾಸ್ತಿ. ಇನ್‌ಸ್ಟಾ ಸ್ಟೋರಿ 24 ತಾಸಿಗೆ ಹೋಗುತ್ತದೆ, ಆದರೆ ಹೈಲೈಟ್‌ಗೆ ಸೇರಿಸಿದ್ದರೆ ಅಲ್ಲೇ ಕೂತಿರುತ್ತದೆ. ವಾಟ್ಸ್ಆ್ಯಪ್ ಕ್ಯಾಟಲಾಗ್, ರೀಲ್ಸ್‌ನ ಮಧ್ಯದ ಚಿತ್ರ, ನಿಮ್ಮ ಪುಡಿ ಮಾರುವ ಅಂಗಡಿಯವರಿಗೆ ನೀವೇ ಕಳಿಸಿದ ಫಾರ್ವರ್ಡ್, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಂಗಡಿಯವರಿಗೂ ಒಂದು ಮಾತು ಹೇಳಿ ತೆಗೆಸಿ.

"ಅವರೇ ಬರೆದದ್ದು" ನಿಜ. ಆದರೆ ಬರೆದದ್ದು ನಿಮಗೆ, ಊರಿಗಲ್ಲ. ನಮ್ಮ ಈ ಗುಂಪಿನಲ್ಲೇ ನಿಮ್ಮ ಪ್ರಶ್ನೆಗೆ ಕಾಮೆಂಟ್ ಹಾಕಿದ ಒಬ್ಬ ಸರ್ "ಆ ಡೇಟಾ ಕಾನೂನು ಇನ್ನೂ ಪೂರ್ತಿ ಜಾರಿ ಆಗಿಲ್ಲ, ತಲೆ ಕೆಡಿಸ್ಕೋಬೇಡ್ರಿ" ಅಂದಿದ್ದಾರೆ. ಅರ್ಧ ಸರಿ. ಜನರ ವೈಯಕ್ತಿಕ ಮಾಹಿತಿ ಕಾಯುವ ಆ ಕಾನೂನು 2023ರದ್ದು, ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ನಮ್ಮಂಥವರಿಗೆ ತಾಗುವ ಮುಖ್ಯ ಭಾಗಕ್ಕೆ ಅಲ್ಲಿಂದ 18 ತಿಂಗಳ ಗಡುವು. ಆದರೆ ಇವತ್ತು ಹಾಕಿದ ಪೋಸ್ಟ್ ಆಗಲೂ ಅಲ್ಲೇ ಇರುತ್ತದೆ. ಅದಕ್ಕಿಂತ ಮೊದಲು ಗ್ರಾಹಕ ಹೋಗುತ್ತಾನೆ. ನಾವೂ ಹೊಸದರಲ್ಲಿ ಹಿಂಗೇ ಗೀಚಿ ಹಾಕುತ್ತಿದ್ದೆವು, ಅದಕ್ಕೇ ನಿಮ್ಮ ಪೋಸ್ಟ್ ನೋಡಿ ಸುಮ್ನೆ ಇರಲು ಆಗಲಿಲ್ಲ.

ಈಗ ಆ ಗೀಚುವ ವಿಷಯ. ನೀವು ಹಾಕಿದ ಚಿತ್ರಗಳಲ್ಲಿ ಎರಡರಲ್ಲಿ ಬಳಸಿದ್ದು ಹೈಲೈಟರ್ ಪೆನ್ನು. ಕಪ್ಪು ಬಣ್ಣ ಆರಿಸಿದರೂ ಅದು ಪಾರದರ್ಶಕ. ಮೂರ್ನಾಲ್ಕು ಸಲ ಎಳೆದರೆ ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ, ಅದೇ ಚಿತ್ರದ ಬೆಳಕು, ಕಾಂಟ್ರಾಸ್ಟ್ ಏರಿಸಿ ನೋಡಿ, ಅಂಕಿಗಳು ಮೇಲೆ ಬರುತ್ತವೆ. ನಿಮ್ಮ ಮೊಬೈಲಿನಲ್ಲೇ ಗ್ಯಾಲರಿಯ ಎಡಿಟ್‌ನಲ್ಲಿ ಮಾಡಿ ನೋಡಬಹುದು. ಇನ್ನೊಬ್ಬರು "ಬ್ಲರ್ ಮಾಡಿ" ಅಂದಿದ್ದಾರೆ. ಹತ್ತು ಅಂಕಿಯ ನಂಬರ್‌ಗೆ ತೆಳುವಾದ ಬ್ಲರ್ ನಂಬಬೇಡಿ. ಮುಚ್ಚಲೇಬೇಕು ಅಂದರೆ ತುಂಬಿದ ಕಪ್ಪು ಚೌಕ ಇಟ್ಟು, ಆಮೇಲೆ ಅದನ್ನು ಹೊಸ ಚಿತ್ರವಾಗಿ ಉಳಿಸಿ. ಆದರೂ ನಂಬರ್ ಮುಚ್ಚಿದರೆ ಮನುಷ್ಯ ಮುಚ್ಚಿದಂತೆ ಅಲ್ಲ. ಪಕ್ಕದ ಡಿಪಿ ಫೋಟೋ ಹಾಗೇ ಇದೆ. ಮೆಸೇಜ್ ಒಳಗೆ "ನಮ್ಮ ಶಿಗ್ಗಾವಿ ತಂಗಿಗೂ ಒಂದು ಕಿಲೋ ಕಳಿಸ್ರಿ" ಅಂತಿದೆ. ಹಾವೇರಿ ಜಿಲ್ಲೆಯಲ್ಲಿ ಗುರುತು ಹಿಡಿಯಲು ಇದಕ್ಕಿಂತ ಜಾಸ್ತಿ ಬೇಕಾ?

ಅದಕ್ಕೇ ನನ್ನ ಮಾತು: ಸ್ಕ್ರೀನ್‌ಶಾಟ್ ಅನ್ನೋದನ್ನೇ ಬಿಡಿ. ಸುಳ್ಳು ಚಾಟ್ ಮಾಡಿಕೊಡುವ ಆ್ಯಪ್‌ಗಳು ಬಂದ ಮೇಲೆ ಅದರ ಬೆಲೆಯೂ ಇಳಿದಿದೆ. ನಾವು ಮಾಡೋದು ಎರಡು ಮೆಸೇಜ್, ನಡುವೆ ಒಂದು ಕಾರ್ಡ್, ಅಂದರೆ ಗ್ರಾಹಕರ ಮಾತು ಬರೆದ ಒಂದು ಚಿತ್ರ.

ಪಾರ್ಸಲ್ ಮುಟ್ಟಿ ವಾರ, ಹತ್ತು ದಿನ ಆದ ಮೇಲೆ ಮೊದಲನೆಯದು. ಅದರಲ್ಲಿ ಪ್ರಚಾರದ ಮಾತೇ ಇರಬಾರದು. "ಪುಡಿ ಯಾವುದಕ್ಕೆ ಹಾಕಿದಿರಿ? ಬಣ್ಣ, ಖಾರ ಹೇಗಿತ್ತು? ಏನಾದರೂ ಸರಿ ಇಲ್ಲ ಅನ್ನಿಸಿತಾ?" ಇಷ್ಟೇ. ಪ್ರಚಾರಕ್ಕೆ ಅಂತ ಮೊದಲೇ ಹೇಳಿದರೆ ಜನ ಮದುವೆ ಪತ್ರಿಕೆ ಭಾಷೆಯಲ್ಲಿ ಬರೆಯುತ್ತಾರೆ, "ಅತ್ಯುತ್ತಮ ಗುಣಮಟ್ಟ, ಶುಭವಾಗಲಿ". ಅದರಿಂದ ಒಂದು ಪೊಟ್ಟಣವೂ ಹೋಗುವುದಿಲ್ಲ. ಯಾವುದಕ್ಕೆ ಹಾಕಿದಿರಿ ಅಂತ ಕೇಳಿದರೆ ನಿಜವಾದ ಮಾತು ಬರುತ್ತದೆ. ದೂರು ಬಂದರೆ ಅದೂ ಲಾಭ, ಮುಂದಿನ ಸಲ ಸರಿ ಮಾಡಬಹುದು.

ಒಂದು ಉದಾಹರಣೆ ಹಿಡಿಯೋಣ. ಬೆಂಗಳೂರಿನಿಂದ ಹಿಂಗೆ ಬಂತು ಅಂದುಕೊಳ್ಳಿ: "ಹುಳಿಗೆ ಹಾಕಿದೆ, ಬಣ್ಣ ಸೂಪರ್, ಖಾರ ಕಡಿಮೆ ಇರೋದ್ರಿಂದ ಮಗಳೂ ತಿಂದಳು. ಅತ್ತೆಯವರಿಗೆ ಅಸಿಡಿಟಿ, ಈಗ ಪೂರ್ತಿ ಹೋಯ್ತು. ಪ್ಯಾಕೆಟ್ ಮಾತ್ರ ಸ್ವಲ್ಪ ಒಡೆದಿತ್ತು." ಜೊತೆಗೆ ಮಗಳು ಊಟ ಮಾಡುವ ಫೋಟೋ, ಹಿಂದೆ ಮೇಜಿನ ಮೇಲೆ ನಿಮ್ಮದೇ ಪಾರ್ಸಲ್ ಡಬ್ಬಿ.

ಇದರಲ್ಲಿ ಕಾರ್ಡಿಗೆ ಬರೋದು "ಹುಳಿಗೆ ಹಾಕಿದೆ, ಬಣ್ಣ ಸೂಪರ್, ಖಾರ ಕಡಿಮೆ". ಬ್ಯಾಡಗಿಯ ಗುಣವೇ ಅದು, ಬಣ್ಣ ಜಾಸ್ತಿ, ಖಾರ ಕಡಿಮೆ, ಕೊಳ್ಳುವವರಿಗೆ ಗೊತ್ತಾಗಬೇಕಾದದ್ದೂ ಅದೇ. ಅತ್ತೆಯವರ ಅಸಿಡಿಟಿ ಬೇಡವೇ ಬೇಡ. ಅದು ಇನ್ನೊಬ್ಬರ ಆರೋಗ್ಯದ ವಿಷಯ, ಬರೆದವರು ಒಪ್ಪಿದರೂ ಅತ್ತೆ ಒಪ್ಪಿಲ್ಲ. ಮೇಲಾಗಿ ತಿನ್ನುವ ಪದಾರ್ಥದಿಂದ ಕಾಯಿಲೆ ವಾಸಿಯಾಯಿತು ಅಂತ ಜಾಹೀರಾತು ಮಾಡಲು ಆಹಾರ ಸುರಕ್ಷತೆಯ ನಿಯಮ ಬಿಡುವುದಿಲ್ಲ. ಗ್ರಾಹಕರ ಬಾಯಲ್ಲಿ ಹೇಳಿಸಿದರೂ ಹಾಕಿದವರು ನೀವೇ. ಒಡೆದ ಪ್ಯಾಕೆಟ್ ಮಾತು ಬಿಟ್ಟರೆ ಮೋಸ ಅಲ್ವಾ ಅಂತ ನಮ್ಮ ಮನೆಯಲ್ಲೇ ಜಗಳ ಆಗಿದೆ. ನಾನು ಬಿಡುತ್ತೇನೆ, ಆದರೆ ಹೊಸ ಪ್ಯಾಕೆಟ್ ಕಳಿಸಿ. ನಮ್ಮ ಯಜಮಾನರು ಈಗಲೂ ಒಪ್ಪಿಲ್ಲ. ಉಳಿದ ಮಾತು ಮಾತ್ರ ತಿದ್ದಬೇಡಿ. "ಸೂಪರ್" ಅನ್ನು "ಅತ್ಯದ್ಭುತ" ಮಾಡಿದರೆ ಅದು ಅವರ ಮಾತಲ್ಲ, ನಿಮ್ಮದು.

ಮಗುವಿನ ಫೋಟೋ ನಾನು ಹಾಕುವುದೇ ಇಲ್ಲ. ಹೊಸ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳೇ, ಹೆತ್ತವರ ಒಪ್ಪಿಗೆ ಬೇಕು, ಅದು ಹೆತ್ತವರದೇ ಅಂತ ಖಾತ್ರಿಯೂ ಬೇಕು. ತಾಯಿಯೇ ಕಳಿಸಿದ್ದಾರೆ ನಿಜ, ಆದರೆ ತಂದೆಯೋ ಅಜ್ಜನೋ ನೋಡಿ ಫೋನ್ ಮಾಡಿದರೆ? "ತಟ್ಟೆಯ ಫೋಟೋ ಇದ್ದರೆ ಕಳಿಸ್ತೀರಾ" ಅಂತ ಕೇಳಿ, ಖುಷಿಯಿಂದ ಕಳಿಸುತ್ತಾರೆ. ಹಿಂದಿನ ಡಬ್ಬಿ ನೋಡಿದಿರಾ? ಕೊರಿಯರ್ ಚೀಟಿಯಲ್ಲಿ ಹೆಸರು, ಫ್ಲ್ಯಾಟ್ ನಂಬರ್, ಮೊಬೈಲ್ ಎಲ್ಲ ಇರುತ್ತದೆ. ಬಾಗಿಲ ನಾಮಫಲಕ, ಗಾಡಿಯ ನಂಬರ್ ಪ್ಲೇಟ್ ಕೂಡ ಹಂಗೇ. ಹಾಕುವ ಮುಂಚೆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ನಾಲ್ಕೂ ಮೂಲೆ ನೋಡಿ.

ಫೋಟೋ ಸ್ಪಷ್ಟ ಬರಲಿ ಅಂತ ಕೆಲವರು "ಡಾಕ್ಯುಮೆಂಟ್ ಆಗಿ ಕಳಿಸ್ರಿ" ಅಂತ ಕೇಳುತ್ತಾರೆ. ಅಲ್ಲಿ ಒಂದು ಗುಂಡಿ ಇದೆ. ಡಾಕ್ಯುಮೆಂಟ್ ಆಗಿ ಬಂದರೆ ಫೋಟೋ ತೆಗೆದ ಜಾಗವೂ ಒಳಗೇ ಬರಬಹುದು. ಗೂಗಲ್ ಫೋಟೋಸ್‌ನಲ್ಲಿ ತೆರೆದು ಮೇಲಕ್ಕೆ ಎಳೆಯಿರಿ, ನಕ್ಷೆ ಕಂಡರೆ ಅದು ಅವರ ಮನೆಯೇ ಇರಬಹುದು. ಫೇಸ್‌ಬುಕ್, ಇನ್‌ಸ್ಟಾದಲ್ಲಿ ನೋಡುವವರಿಗೆ ಅದು ಸಿಗುವುದಿಲ್ಲ, ಆದರೆ ಸ್ವಂತ ವೆಬ್‌ಸೈಟ್‌ಗೆ ಹಾಕಿದರೆ, ಡ್ರೈವ್ ಲಿಂಕ್ ಹಂಚಿದರೆ ಹಾಗೇ ಹೋಗಬಹುದು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋವಾಗಿ ನಿಮಗೆ ನೀವೇ ಒಮ್ಮೆ ಕಳಿಸಿಕೊಂಡು ಅದನ್ನು ಬಳಸಿ, ಜಾಗದ ಗುರುತು ಉದುರಿಹೋಗುತ್ತದೆ.

ಕಾರ್ಡ್ ತಯಾರಾದ ಮೇಲೆ ಎರಡನೆಯ ಮೆಸೇಜ್. ಕಾರ್ಡ್ ಮಾಡಲು ಕ್ಯಾನ್ವಾ ಆ್ಯಪ್ ಉಚಿತದ್ದೇ ಸಾಕು, ದುಡ್ಡು ಕಟ್ಟಿಸುವ ಹೊಳಪಿನ ಟೆಂಪ್ಲೇಟ್‌ಗಳು ಖಾರದ ಪುಡಿಗೆ ಒಪ್ಪುವುದೂ ಇಲ್ಲ. ಕಾರ್ಡಿನ ಚಿತ್ರವನ್ನೇ ಅಂಟಿಸಿ ಕೆಳಗೆ ಹೀಗೆ ಬರೆಯುತ್ತೇವೆ:

"ನಿಮ್ಮ ಮಾತನ್ನು ಹೀಗೆ ನಮ್ಮ ಫೇಸ್‌ಬುಕ್, ಇನ್‌ಸ್ಟಾ ಪುಟದಲ್ಲಿ ಒಂದು ವರ್ಷ ಹಾಕಬಹುದೇ? 1 – ಹೆಸರು, ಊರು ಸಹಿತ. 2 – ಊರು ಮಾತ್ರ. 3 – ಬೇಡ. ಯಾವುದಾದರೂ ಒಂದು ಅಂಕಿ ಕಳಿಸಿ. ಉತ್ತರ ಬರದಿದ್ದರೆ ಹಾಕುವುದಿಲ್ಲ. ಮುಂದೆ ಯಾವಾಗ ಬೇಡ ಅನ್ನಿಸಿದರೂ ಇದೇ ನಂಬರಿಗೆ 'ತೆಗೆಯಿರಿ' ಅಂದರೆ ಸಾಕು. ಹೂಂ ಅಂದರೂ ಬೇಡ ಅಂದರೂ ನಿಮ್ಮ ಆರ್ಡರ್‌ಗೆ ವ್ಯತ್ಯಾಸ ಇಲ್ಲ."

ಇದರಲ್ಲಿ ಒಂದು ಸಾಲೂ ಸುಮ್ನೆ ಇಲ್ಲ. ಎಲ್ಲಿ ಹಾಕುತ್ತೀರಿ ಅಂತ ಹೇಳದಿದ್ದರೆ ನಾಳೆ ಹಳೇ ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್‌ಗೂ ಅದೇ ಒಪ್ಪಿಗೆ ಅಂದುಕೊಳ್ಳುತ್ತೀರಿ. ಫ್ಲೆಕ್ಸ್, ಕರಪತ್ರಕ್ಕೆ ಬೇರೆಯಾಗಿ ಕೇಳಿ, ಅಚ್ಚಾದ ಮೇಲೆ ವಾಪಸ್ ತಗೊಳ್ಳಲು ಆಗಲ್ಲ. ಕಾರ್ಡ್ ನೋಡಿಯೇ ಹೂಂ ಅಂದವರು ನಂತರ "ನಾನು ಹಂಗೆ ಹೇಳಿರಲಿಲ್ಲ" ಅನ್ನುವುದು ಕಡಿಮೆ. ಬರೀ ಹೆಬ್ಬೆರಳು ಕಳಿಸಿದರೆ? ನಾನು ಮತ್ತೊಮ್ಮೆ "1 ಅಥವಾ 2, ಯಾವುದು?" ಅಂತ ಕೇಳುತ್ತೇನೆ. ಓದು ಬರಹ ಬಾರದ ಹಿರಿಯರಿದ್ದರೆ ಇದನ್ನೇ ವಾಯ್ಸ್ ಮೆಸೇಜ್ ಮಾಡಿ, ಅವರೂ ಬಾಯಲ್ಲೇ ಹೇಳಲಿ. ಕೃಷಿ ಮೇಳದ ಸ್ಟಾಲ್‌ನಲ್ಲಿ ಗದ್ದಲದಲ್ಲಿ ಫೋಟೋ ತೆಗೆದು "ಕೇಳಿದ್ದೆ" ಅನ್ನುವುದು ನಡೆಯಲ್ಲ. ಅಲ್ಲಿ ನಂಬರ್ ತಗೊಂಡು ಸಂಜೆ ಕಾರ್ಡ್ ಕಳಿಸಿ ಕೇಳಿ.

"ಫೋಟೋ ಹಾಕಲು ಒಪ್ಪಿದರೆ 50 ರೂಪಾಯಿ ಕಡಿಮೆ" ಅನ್ನೋ ಚಾಳಿ ಈ ಗುಂಪಿನಲ್ಲೇ ಕೆಲವರಿಗಿದೆ. ಬೇಡ್ರಿ. ರಿಯಾಯಿತಿಗೆ ಕಟ್ಟಿದ ಒಪ್ಪಿಗೆ ಮನಸ್ಸಿನ ಒಪ್ಪಿಗೆಯಲ್ಲ. ಪುಕ್ಕಟೆ ಪುಡಿ ಕೊಟ್ಟು ಅಭಿಪ್ರಾಯ ಪಡೆದಿದ್ದರೆ ಕಾರ್ಡಿನಲ್ಲೇ "ಉಚಿತ ಮಾದರಿ ಪಡೆದವರು" ಅಂತ ಬರೆಯಿರಿ. ಗೂಗಲ್ ಮ್ಯಾಪ್‌ನಲ್ಲಿ ವಿಮರ್ಶೆ ಬರೆಸಲು ಏನನ್ನಾದರೂ ಕೊಡುವುದು ಅವರ ನಿಯಮಕ್ಕೇ ವಿರುದ್ಧ. ಅಲ್ಲಿನ ವಿಮರ್ಶೆ ತೋರಿಸಬೇಕೆಂದರೆ ಸ್ಕ್ರೀನ್‌ಶಾಟ್ ಬದಲು ಲಿಂಕ್ ಕೊಡಿ, ಅವರು ಅಳಿಸಿದರೆ ನಿಮ್ಮಲ್ಲೂ ಹೋಗುತ್ತದೆ.

ಬಂದ "1" ಅನ್ನು ಎಲ್ಲಿಡುತ್ತೀರಿ ಅನ್ನೋದೂ ಮುಖ್ಯ. ಆ ಗ್ರಾಹಕರ ಚಾಟ್‌ನಲ್ಲಿ ತಾನಾಗಿ ಮಾಯವಾಗುವ ಮೆಸೇಜ್ ಆನ್ ಇದ್ದರೆ ಒಪ್ಪಿಗೆಯೂ ಮಾಯ. ಚಾಟ್ ಹೆಸರಿನ ಮೇಲೆ ಒತ್ತಿ ಒಮ್ಮೆ ನೋಡಿಕೊಳ್ಳಿ. ನಾವು ಒಂದು ವಹಿ ಇಟ್ಟಿದ್ದೇವೆ: ತಾರೀಖು, ಆರ್ಡರ್ ನಂಬರ್, ಕಾರ್ಡ್ ನಂಬರ್, 1 ಅಥವಾ 2, ಎಲ್ಲೆಲ್ಲಿ ಹಾಕಿದೆ, ಯಾವಾಗ ತೆಗೆಯಬೇಕು. "ಎಲ್ಲೆಲ್ಲಿ" ಅನ್ನೋ ಕಲಮೇ ಜೀವ, ನಾಳೆ ಒಬ್ಬರು ತೆಗೀರಿ ಅಂದರೆ ಹುಡುಕುವ ಕೆಲಸ ಇಲ್ಲ. ವಹಿಯಲ್ಲಿ ಫೋನ್ ನಂಬರ್ ಬರೆಯಬೇಡಿ, ಆರ್ಡರ್ ನಂಬರ್ ಸಾಕು, ವಹಿ ಅಂಗಡಿಯಲ್ಲಿ ಬಿದ್ದಿರುತ್ತದೆ. ಗೂಗಲ್ ಫಾರ್ಮ್ ಬಳಸುವವರು "ಫಲಿತಾಂಶದ ಸಾರಾಂಶ ನೋಡಿ" ಅನ್ನೋ ಆಯ್ಕೆ ಆಫ್ ಇದೆಯಾ ನೋಡಿಕೊಳ್ಳಿ. ಆನ್ ಇದ್ದರೆ ತುಂಬಿದವರೆಲ್ಲ ಬೇರೆಯವರ ಉತ್ತರ ಓದಬಹುದು. ಫಾರ್ಮ್‌ನಲ್ಲಿ ಹುಟ್ಟಿದ ತಾರೀಖು, ಪೂರ್ತಿ ವಿಳಾಸ ಯಾಕೆ ಕೇಳುತ್ತೀರೋ ದೇವರಿಗೇ ಗೊತ್ತು.

ಹಳೇ ಸ್ಕ್ರೀನ್‌ಶಾಟ್‌ಗಳ ಬಗ್ಗೆ ನನಗೂ ಒಂದೇ ಉತ್ತರ ಹೊಳೆದಿಲ್ಲ. ಎಲ್ಲರಿಗೂ ಈಗ ಮೆಸೇಜ್ ಮಾಡಿದರೆ ಮರೆತವರನ್ನೂ ಎಬ್ಬಿಸಿದಂತೆ ಆಗುತ್ತದೆ ಅಂತ ನಮ್ಮ ತಂಗಿ ಅನ್ನುತ್ತಾಳೆ. ನಾನು ಮುಖ, ನಂಬರ್, ಮಕ್ಕಳು ಇರುವುದನ್ನೆಲ್ಲ ಕೇಳದೆ ಅಳಿಸಿದೆ, ಈಗಲೂ ಆರ್ಡರ್ ಕೊಡುವವರಿಗೆ ಮಾತ್ರ ಕಾರ್ಡ್ ಕಳಿಸಿ ಕೇಳಿದೆ. ನೀವು ಇವತ್ತು ಆ ಹೈಲೈಟರ್‌ನ ಎರಡು ಚಿತ್ರದಿಂದ ಶುರು ಮಾಡಿ, ಅವು ಇನ್ನೂ ನಿಮ್ಮ ಪುಟದಲ್ಲಿವೆ.